ಕರ್ನಲ್ ಸಾಹೇಬರ ರೆಸ್ಯೂಮೆಯ ಮೊದಲ ಆರು ಸಾಲು

ಸೇನೆಯ ಅಧಿಕಾರಿಯ ಬಗ್ಗೆ ವರ್ಷಕ್ಕೊಂದು ಗುಪ್ತ ವರದಿ ತಯಾರಾಗುತ್ತದೆ. ಒಂದರಿಂದ ಒಂಬತ್ತರವರೆಗೆ ಅಂಕ, ಜೊತೆಗೆ ಆತ ಎಂಥವನು ಎಂದು ನಾಲ್ಕಾರು ಸಾಲಿನಲ್ಲಿ ಹೇಳುವ ‘ಪೆನ್ ಪಿಕ್ಚರ್’. ಬರೆಯುವವರು ನೇರ ಮೇಲಧಿಕಾರಿ, ಅದನ್ನು ತೂಗಿ ನೋಡುವವರು ಅವರಿಗೂ ಮೇಲಿನವರು. ಬಡ್ತಿ, ಮುಂದಿನ ಹುದ್ದೆ ಎಲ್ಲವೂ ಆ ಸಾಲುಗಳನ್ನೇ ಅವಲಂಬಿಸಿರುತ್ತವೆ. ಹೀಗೆ ಮೂರು ದಶಕ ಬೇರೆಯವರ ಲೇಖನಿಯಲ್ಲಿ ಬದುಕಿದ ಮನುಷ್ಯ ಐವತ್ತು ದಾಟಿದ ಮೇಲೆ ಸಮವಸ್ತ್ರ ಕಳಚಿ, ಲ್ಯಾಪ್‌ಟಾಪ್ ಮುಂದೆ ಕೂತು, ತನ್ನ ಪೆನ್ ಪಿಕ್ಚರನ್ನು ತಾನೇ ಬರೆಯಬೇಕಾಗುತ್ತದೆ. ರೆಸ್ಯೂಮೆಯ ತಲೆಯಲ್ಲಿ ಬರುವ ಐದಾರು ಸಾಲಿನ ಸಾರಾಂಶ ಅಂದರೆ ಅದೇ. ಓದುವವರು ಕಂಪನಿಯ ಎಚ್‌ಆರ್ ವಿಭಾಗದವರು. ಅವರಲ್ಲಿ ಹೆಚ್ಚಿನವರು ಸೇನೆಯನ್ನು ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಮಾತ್ರ ನೋಡಿದವರು.

ಈ ಆರು ಸಾಲು ಹೇಗೆ ಹಾಳಾಗುತ್ತವೆ, ಹೇಗೆ ಸರಿಯಾಗುತ್ತವೆ ಎಂದು ನೋಡಲು ಒಬ್ಬ ಕರ್ನಲ್ಲರನ್ನು ಕಲ್ಪಿಸಿಕೊಳ್ಳೋಣ. ಊರು ಮಡಿಕೇರಿಯ ಹತ್ತಿರ. ಪದಾತಿ ದಳದಲ್ಲಿ ಮೂವತ್ತು ವರ್ಷ ಸೇವೆ. ಕಂಪನಿ ಕಮಾಂಡರ್, ಆಮೇಲೆ ಬ್ರಿಗೇಡ್ ಮೇಜರ್, ಕೊನೆಗೆ ಎತ್ತರದ ಹಿಮಪ್ರದೇಶದಲ್ಲಿ ಒಂದು ಬೆಟಾಲಿಯನ್ನಿನ, ಅವರ ಮಾತಿನಲ್ಲಿ ಪಲ್ಟನ್ನಿನ, ಕಮಾಂಡಿಂಗ್ ಆಫೀಸರ್. ಈಗ ನೆಲಮಂಗಲದ ಕಡೆ ದೊಡ್ಡ ಗೋದಾಮುಗಳನ್ನು ನಡೆಸುವ ಒಂದು ಕಂಪನಿಯಲ್ಲಿ ದಕ್ಷಿಣ ವಲಯದ ಕಾರ್ಯಾಚರಣೆ ಮುಖ್ಯಸ್ಥರ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದಾರೆ. ರೆಸ್ಯೂಮೆ ಇಂಗ್ಲಿಷಿನಲ್ಲೇ ಹೋಗುವುದು. ಇಲ್ಲಿ ಅದರ ಹುರುಳನ್ನು ಕನ್ನಡದಲ್ಲಿ ಕೊಡುತ್ತೇನೆ.

ಅವರ ಮೊದಲ ಕರಡು ಹೀಗಿತ್ತು ಎಂದುಕೊಳ್ಳಿ: ‘ಪದಾತಿ ದಳದ ಕರ್ನಲ್. ಹೈ ಆಲ್ಟಿಟ್ಯೂಡ್ ಪ್ರದೇಶದಲ್ಲಿ ಬೆಟಾಲಿಯನ್ ಕಮಾಂಡ್. ಬಿಎಂ ಹಾಗೂ ಕಂಪನಿ ಕಮಾಂಡರ್ ಆಗಿ ಅನುಭವ. ಶಿಸ್ತು, ನಾಯಕತ್ವ, ನಿಷ್ಠೆ.’ ಸೇನೆಯವರು ಓದಿದರೆ ಇಡೀ ಜೀವನ ಕಣ್ಣ ಮುಂದೆ ಬರುತ್ತದೆ. ಎಚ್‌ಆರ್‌ನ ಹುಡುಗಿ ‘ಕಂಪನಿ ಕಮಾಂಡರ್’ ಎಂಬುದನ್ನು ಓದಿ, ಇವರು ಯಾವುದೋ ಕಂಪನಿಯನ್ನೇ ನಡೆಸಿದ್ದರು ಎಂದುಕೊಳ್ಳಬಹುದು. ಸೇನೆಯ ಕಂಪನಿ ಅಂದರೆ ಸುಮಾರು 120 ಮಂದಿಯ ತುಕಡಿ ಎಂದು ಅವಳಿಗೆ ಯಾರು ಹೇಳಬೇಕು? ಬಿಎಂ ಅಂದರೆ ಬ್ರಾಂಚ್ ಮ್ಯಾನೇಜರ್ ಇರಬೇಕು ಎಂದುಕೊಂಡರೂ ತಪ್ಪು ಅವಳದಲ್ಲ.

ಎರಡನೆಯ ಕರಡು ಇದಕ್ಕಿಂತ ಅಪಾಯದ್ದು. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ನಿವೃತ್ತಿಯ ಅಂಚಿನಲ್ಲಿರುವ ಅಧಿಕಾರಿಗಳಿಗೆ ಐಐಎಂನಂಥ ಸಂಸ್ಥೆಗಳಲ್ಲಿ ಸುಮಾರು ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸ್ ಏರ್ಪಡಿಸುತ್ತದೆ. ಕೋರ್ಸ್ ಒಳ್ಳೆಯದೇ. ಆದರೆ ಅಲ್ಲಿ ಕಲಿತ ಹೊಸ ಪದಗಳು ಮನೆಗೆ ಬಂದೊಡನೆ ರೆಸ್ಯೂಮೆಯ ಮೇಲೆ ಸುರಿಯುತ್ತವೆ. ಐಟಿ ಕಂಪನಿಯಲ್ಲಿರುವ ಮಗನೋ ಅಳಿಯನೋ ತನ್ನದನ್ನೂ ನಾಲ್ಕು ಸೇರಿಸುತ್ತಾನೆ. ಆಗ ಕರ್ನಲ್ಲರು ‘ಫಲಿತಾಂಶ ಕೇಂದ್ರಿತ ಡೈನಾಮಿಕ್ ಲೀಡರ್’ ಆಗುತ್ತಾರೆ. ‘800 ಜನರ ಸಂಸ್ಥೆಗೆ ಸಿಇಒ ಸಮಾನರು’, ‘ಕೋಟಿಗಟ್ಟಲೆ ಬಜೆಟ್ಟಿನ ಲಾಭ-ನಷ್ಟದ ಹೊಣೆ ಹೊತ್ತವರು’, ‘ಕ್ರಾಸ್ ಫಂಕ್ಷನಲ್ ಟೀಮುಗಳ ಸಿನರ್ಜಿ ಸಾಧಿಸಿದವರು’. ಈ ಸಾಲುಗಳಲ್ಲಿ ಅರ್ಧ ಸುಳ್ಳು, ಉಳಿದರ್ಧ ಯಾರು ಬೇಕಾದರೂ ಬರೆದುಕೊಳ್ಳಬಹುದಾದದ್ದು.

ಮೊದಲು ರ‍್ಯಾಂಕಿನ ವಿಷಯ. ಕರ್ನಲ್ ಅಂದರೆ ವೈಸ್ ಪ್ರೆಸಿಡೆಂಟ್, ಬ್ರಿಗೇಡಿಯರ್ ಅಂದರೆ ಡೈರೆಕ್ಟರ್ ಎಂದು ಕೋಷ್ಟಕ ಹಾಕಿ ಹಂಚುವವರಿದ್ದಾರೆ. ಆ ಕೋಷ್ಟಕವನ್ನು ನಂಬಬೇಡಿ. ಸೇನೆಯ ಒಳಗೇ ‘ಕರ್ನಲ್’ ಎಂಬ ಮಾತಿನಿಂದ ಕೆಲಸದ ಗಾತ್ರ ತಿಳಿಯುವುದಿಲ್ಲ. ಲೆಫ್ಟಿನೆಂಟ್ ಕರ್ನಲ್‌ಗಳಲ್ಲಿ ಆಯ್ಕೆ ಮಂಡಳಿ ಆರಿಸಿದವರು ಕರ್ನಲ್ ಆಗಿ ಪಲ್ಟನ್ ನಡೆಸಲು ಹೋಗುತ್ತಾರೆ. ಆಯ್ಕೆಯಾಗದವರಿಗೂ 26 ವರ್ಷ ಸೇವೆ ತುಂಬಿದ ಮೇಲೆ ಟೈಮ್ ಸ್ಕೇಲ್ ಕರ್ನಲ್ ಪದವಿ ಸಿಗುತ್ತದೆ. ಭುಜದ ಮೇಲಿನ ಚಿಹ್ನೆ ಒಂದೇ, ಹೊತ್ತ ಹೊಣೆ ಬೇರೆ. ಟೈಮ್ ಸ್ಕೇಲ್ ಕರ್ನಲ್ಲರೊಬ್ಬರು ಮೂರು ದೊಡ್ಡ ಡಿಪೋಗಳ ದಾಸ್ತಾನು ನೋಡಿಕೊಂಡಿರಬಹುದು, ಈ ಗೋದಾಮಿನ ಕೆಲಸಕ್ಕೆ ಅವರೇ ಹೆಚ್ಚು ತಕ್ಕವರೂ ಆಗಿರಬಹುದು. ಆದ್ದರಿಂದ ರ‍್ಯಾಂಕು ಹೆಸರಿನ ಜೊತೆಗಿದ್ದರೆ ಸಾಕು. ಸಾರಾಂಶದ ಸಾಲುಗಳಲ್ಲಿ ಇರಬೇಕಾದದ್ದು ಯಾವ ತೀರ್ಮಾನ ತಮ್ಮದಾಗಿತ್ತು, ಎಷ್ಟರ ಮಟ್ಟಿಗೆ ತಮ್ಮದಾಗಿತ್ತು ಎಂಬುದು.

ಆಮೇಲೆ ಬರುವುದು 800 ಎಂಬ ಸಂಖ್ಯೆ. ಪದಾತಿ ದಳದ ಪಲ್ಟನ್ನಿನಲ್ಲಿ ಸುಮಾರು ಅಷ್ಟು ಜನ ಇರುವುದು ನಿಜ. ಆದರೆ ಸಂದರ್ಶನದಲ್ಲಿ ಅನುಭವಿಗಳು ಕೇಳುವ ಮೊದಲ ಪ್ರಶ್ನೆ, ‘ಅವರಲ್ಲಿ ನಿಮಗೆ ನೇರವಾಗಿ ವರದಿ ಮಾಡುತ್ತಿದ್ದವರು ಎಷ್ಟು ಮಂದಿ?’ ಕರ್ನಲ್ಲರು ಬೆರಳು ಮಡಚಿ ಎಣಿಸಿದರೆ ಸೆಕೆಂಡ್ ಇನ್ ಕಮಾಂಡ್, ಅಡ್ಜುಟೆಂಟ್, ಕ್ವಾರ್ಟರ್ ಮಾಸ್ಟರ್, ಕಂಪನಿ ಕಮಾಂಡರುಗಳು, ಸುಬೇದಾರ್ ಮೇಜರ್ ಎಲ್ಲ ಸೇರಿ ಹತ್ತರ ಆಸುಪಾಸು. ಎಂಟುನೂರು ಜನರಿಗೆ ಈ ಹತ್ತು ಮಂದಿಯ ಮೂಲಕವೇ ಕೆಲಸ ಹೋಗುತ್ತಿತ್ತು. ಸಣ್ಣದಾಗಿ ಕಾಣುತ್ತದೆಂದು ಅವರು ಈ ಹತ್ತನ್ನು ಬಚ್ಚಿಡುತ್ತಾರೆ. ಆದರೆ ಉದ್ಯೋಗದಾತನಿಗೆ ಬೇಕಾದ ಸಂಖ್ಯೆ ಅದೇ. ನೆಲಮಂಗಲದ ಹುದ್ದೆಯಲ್ಲೂ ಎಂಟು-ಹತ್ತು ಗೋದಾಮು ಮ್ಯಾನೇಜರುಗಳು, ಅವರ ಕೆಳಗೆ ನೂರಾರು ಕೆಲಸಗಾರರು ಇರುತ್ತಾರೆ.

ದುಡ್ಡಿನ ಮಾತು ಇನ್ನೂ ನಾಜೂಕು. ಪಲ್ಟನ್ನಿನ ಎಲ್ಲರ ಸಂಬಳ, ವಾಹನ, ಆಯುಧ ಎಲ್ಲದರ ಬೆಲೆ ಕೂಡಿಸಿ ‘ಇಷ್ಟು ಕೋಟಿ ಬಜೆಟ್ ನಿರ್ವಹಿಸಿದೆ’ ಎಂದು ಬರೆಯುವುದು ಈಗ ಚಾಳಿಯಾಗಿದೆ. ಸಂಬಳ ಕೊಡುವುದು ರಕ್ಷಣಾ ಲೆಕ್ಕಪತ್ರ ಇಲಾಖೆಯ ಕಚೇರಿಗಳು. ಆಯುಧಗಳನ್ನು ಮಾರುವಂತಿಲ್ಲ, ಬದಲಿಸುವಂತಿಲ್ಲ. ‘ಯಾರನ್ನೂ ಕೇಳದೆ ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಎಷ್ಟು ಹಣ ತಿರುಗಿಸಬಹುದಿತ್ತು?’ ಎಂದು ಒಬ್ಬರು ಕೇಳಿದರೆ ಸಾಕು, ಕೋಟಿಗಳು ಕರಗಿ ಹೋಗುತ್ತವೆ. ಲಾಭ-ನಷ್ಟದ ಹೊಣೆ ಸೇನೆಯಲ್ಲಿ ಇರುವುದಿಲ್ಲ, ಇತ್ತೆಂದು ಹೇಳಲೂಬಾರದು. ನಿಜವಾಗಿ ಇರುವುದು ಕಾವಲಿನ ಹೊಣೆ. ಪಟ್ಟಿಯಲ್ಲಿರುವ ಪ್ರತಿ ವಸ್ತು ಎಣಿಕೆಗೆ ಸಿಗಬೇಕು, ಸಿಗದಿದ್ದರೆ ವಿಚಾರಣೆ ನಡೆಯಬೇಕು, ಲೆಕ್ಕ ಪರಿಶೋಧಕರ ಆಕ್ಷೇಪಣೆಗೆ ಉತ್ತರ ಹೋಗಬೇಕು. ದಾಸ್ತಾನು ಕಳವಿನ ಕಾಟದಲ್ಲಿರುವ ಗೋದಾಮು ಕಂಪನಿಗೆ ‘ನನ್ನ ಅವಧಿಯ ಲೆಕ್ಕ ಪರಿಶೋಧನೆಯಲ್ಲಿ ಬಾಕಿ ಉಳಿದ ಆಕ್ಷೇಪಣೆ ಇಲ್ಲ’ ಎಂಬ ಒಂದು ಸಾಲು, ಅದು ನಿಜವಾಗಿದ್ದರೆ, ಬಜೆಟ್ಟಿನ ಬೊಗಳೆಗಿಂತ ಹೆಚ್ಚು ಬೆಲೆಯದ್ದು.

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದೇನು ಎಂದು ಕರ್ನಲ್ಲರು ಮುಖ ಸಪ್ಪೆ ಮಾಡಿಕೊಳ್ಳಬಹುದು. ಅವರಿಗೇ ಕಾಣದಂತೆ ಬಿದ್ದಿರುವುದು ಎರಡು ದೊಡ್ಡ ಸಂಗತಿಗಳು. ದಿನನಿತ್ಯದ ಕೆಲಸವೆಂದು ಅವನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಒಂದು, ರಜೆ. ಸೈನಿಕನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. 800 ಜನ ಪೂರ್ತಿ ರಜೆ ತೆಗೆದುಕೊಂಡರೆ ವರ್ಷಕ್ಕೆ 72,000 ದಿನಗಳಾಯಿತು. 365ರಿಂದ ಭಾಗಿಸಿ ನೋಡಿ: ಯಾವುದೇ ದಿನ ಸುಮಾರು 200 ಜನ ಊರಲ್ಲಿರುತ್ತಾರೆ. ಇದರ ಮೇಲೆ ತರಬೇತಿಗೆ ಹೋದವರು, ಆಸ್ಪತ್ರೆಯಲ್ಲಿರುವವರು. ಅಂದರೆ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸದಾ ಗೈರು, ಆದರೂ ಎಲ್ಲ ಚೌಕಿಗಳಲ್ಲೂ ರಾತ್ರಿ-ಹಗಲು ಕಾವಲು ನಿಲ್ಲುವಂತಿಲ್ಲ. ರಜೆ ಸಮನಾಗಿ ಹಂಚಿಕೊಂಡು ಬರುವುದೂ ಇಲ್ಲ. ಸುಗ್ಗಿಯ ಕಾಲಕ್ಕೆ, ಮದುವೆಯ ಕಾಲಕ್ಕೆ ಎಲ್ಲರಿಗೂ ಒಟ್ಟಿಗೇ ಬೇಕು. ಹಿಮ ಬಿದ್ದು ದಾರಿ ಮುಚ್ಚಿದರೆ ಹೋದವನು ಬರಲಾರ, ಇದ್ದವನು ಹೋಗಲಾರ. ತಂಗಿಯ ಮದುವೆಗೆ ರಜೆ ಸಿಗದ ಹುಡುಗನ ಮನಸ್ಸು ಕೆಟ್ಟರೆ ಅದರ ಪರಿಣಾಮ ಕಾವಲಿನಲ್ಲಿ ಕಾಣುತ್ತದೆ ಎಂಬುದು ಪ್ರತಿ ಕಮಾಂಡಿಂಗ್ ಆಫೀಸರಿಗೂ ಗೊತ್ತು. ಹಾಗಾಗಿ ವರ್ಷದ ಆರಂಭದಲ್ಲೇ ಕಂಪನಿವಾರು ರಜೆಯ ಯೋಜನೆ ಕೂತು ಮಾಡುತ್ತಾರೆ, ತಿಂಗಳು ತಿಂಗಳು ತಿದ್ದುತ್ತಾರೆ.

ದೀಪಾವಳಿಯ ಸಮಯದಲ್ಲಿ ಆನ್‌ಲೈನ್ ಆರ್ಡರು ಏರುವಾಗಲೇ ಕೆಲಸಗಾರರು ಊರಿಗೆ ಹೊರಟುಬಿಡುವ ಗೋದಾಮಿನ ಮ್ಯಾನೇಜರನಿಗೆ ಇದಕ್ಕಿಂತ ಹತ್ತಿರದ ಅನುಭವ ಇನ್ಯಾವುದಿದೆ? ಆದರೆ ರೆಸ್ಯೂಮೆಗಳಲ್ಲಿ ರಜೆ ಎಂಬ ಮಾತೇ ಬರುವುದಿಲ್ಲ. ‘ಮಾನವ ಸಂಪನ್ಮೂಲ ನಿರ್ವಹಣೆ’ ಎಂದು ಬರೆದು ಮುಂದೆ ಹೋಗುತ್ತಾರೆ.

ಎರಡು, ಚಳಿಗಾಲದ ದಾಸ್ತಾನು. ಲಡಾಖಿನಂಥ ಕಡೆ ಕಣಿವೆಯ ದಾರಿಗಳು ಮುಚ್ಚುವ ಮೊದಲೇ ಮುಂದಿನ ಬೇಸಿಗೆಯವರೆಗಿನ ಅಕ್ಕಿ, ಬೇಳೆ, ಡಬ್ಬಿ ಆಹಾರ, ಸೀಮೆಎಣ್ಣೆ, ಔಷಧಿ ಎಲ್ಲ ಮೇಲಕ್ಕೆ ಹೋಗಿರಬೇಕು. ಸೇನೆಯಲ್ಲಿ ಇದಕ್ಕೆ ‘ವಿಂಟರ್ ಸ್ಟಾಕಿಂಗ್’ ಎನ್ನುತ್ತಾರೆ. ಲಾರಿ ಹೋಗುವಷ್ಟು ದೂರ ಲಾರಿ, ಅಲ್ಲಿಂದ ಹೇಸರಗತ್ತೆ, ಅಲ್ಲಿಂದಾಚೆ ಹಮಾಲಿಗಳ ಬೆನ್ನು. ಲೆಕ್ಕ ಕೇಳಲು ಸುಲಭ: ಚೌಕಿಯಲ್ಲಿರುವ ಜನ, ದಾರಿ ಮುಚ್ಚಿರುವ ದಿನ, ತಲೆಗೆ ದಿನಕ್ಕಿಷ್ಟು, ಅದರ ಮೇಲೆ ಆಪತ್ತಿಗೆಂದು ಒಂದಿಷ್ಟು. ಕೆಡುವುದು ಬೇರೆ ಕಡೆ. ಸೀಮೆಎಣ್ಣೆಯ ಕ್ಯಾನು ಸೋರಿ ಅರ್ಧಕ್ಕಿಳಿದಿರುತ್ತದೆ. ಅವಧಿ ಮುಗಿಯುವ ಡಬ್ಬಿಗಳು ಹಿಂದೆ ಸೇರಿ, ಹೊಸವು ಮುಂದೆ ಕೂತು ಮೊದಲು ಖಾಲಿಯಾಗುತ್ತವೆ. ಹಮಾಲಿಗಳು ತಮ್ಮ ಹೊಲದ ಕೊಯ್ಲಿಗೆಂದು ಹೊರಟು ಹದಿನೈದು ದಿನ ಸಾಗಣೆ ನಿಲ್ಲುತ್ತದೆ. ತಪ್ಪಾಗಿದೆ ಎಂದು ಗೊತ್ತಾಗುವುದು ಜನವರಿಯಲ್ಲಿ, ತಿದ್ದಲು ಆಗುವುದು ಮೇ ತಿಂಗಳಲ್ಲಿ. ಇಂಥದ್ದನ್ನು ಎರಡು ಚಳಿಗಾಲ ಎಲ್ಲೂ ಕೊರತೆ ಬಾರದಂತೆ ನಡೆಸಿದವರು ‘ಸಪ್ಲೈ ಚೈನ್’ ಎಂಬ ಮಾತನ್ನು ರೆಸ್ಯೂಮೆಯಲ್ಲಿ ಧೈರ್ಯವಾಗಿ ಬಳಸಬಹುದು. ಜಾಹೀರಾತಿನಲ್ಲಿ ಆ ಪದ ಇದ್ದರೆ ಬಳಸಲೇಬೇಕು. ಅರ್ಜಿಗಳನ್ನು ಮೊದಲು ಸೋಸುವುದು ತಂತ್ರಾಂಶ, ಅದು ಹುಡುಕುವುದು ಜಾಹೀರಾತಿನ ಪದಗಳನ್ನೇ. ಮಾಡಿದ ಕೆಲಸಕ್ಕೆ ಒಪ್ಪುವ ಕಡೆ ಒಮ್ಮೆ ಬಂದರೆ ಸಾಕು.

ಇನ್ನು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಕಂಪನಿಯವರ ಮನಸ್ಸಿನಲ್ಲಿರುವ, ಬಾಯಿಬಿಟ್ಟು ಕೇಳದ ಅನುಮಾನ ಇದು: ‘ಇವರು ಹೇಳಿದ್ದನ್ನು ಜನ ಕೇಳಿದ್ದು ಬೇರೆ ದಾರಿ ಇಲ್ಲದ್ದಕ್ಕಲ್ಲವೇ?’ ಅನುಮಾನಕ್ಕೆ ಆಧಾರವಿದೆ. ಸಿಪಾಯಿ ಬೇಸರವಾಯಿತೆಂದು ಒಂದು ತಿಂಗಳ ನೋಟಿಸ್ ಕೊಟ್ಟು ಹೋಗುವಂತಿಲ್ಲ. 1950ರ ಸೇನಾ ಕಾಯ್ದೆಯ 116ನೇ ಕಲಮಿನ ಪ್ರಕಾರ ಕಮಾಂಡಿಂಗ್ ಆಫೀಸರ್ ಒಬ್ಬರೇ ಸಮ್ಮರಿ ಕೋರ್ಟ್ ಮಾರ್ಷಲ್ ಆಗಿ ಕೂತು ವಿಚಾರಣೆ ನಡೆಸಬಹುದು. ಭಾರತದ ಯಾವ ಖಾಸಗಿ ಕಂಪನಿಯ ಯಾವ ಮುಖ್ಯಸ್ಥನಿಗೂ ಇಂಥ ಅಧಿಕಾರ ಇಲ್ಲ. ಇದನ್ನು ‘ಶಿಸ್ತುಕ್ರಮ ಪ್ರಾಧಿಕಾರ’ ಎಂದು ತಿದ್ದಿ ರೆಸ್ಯೂಮೆಗೆ ಹಾಕಿದರೆ ಅನುಮಾನ ಗಟ್ಟಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನನ್ನ ಮಟ್ಟಿಗೆ ಅದನ್ನು ಬಿಟ್ಟುಬಿಡುವುದೇ ಸರಿ.

ಬದಲಿಗೆ ಆದೇಶ ನಡೆಯದಿದ್ದ ಜಾಗಗಳನ್ನು ಹುಡುಕಬೇಕು. ಅವು ಇದ್ದೇ ಇರುತ್ತವೆ. ಬ್ರಿಗೇಡ್ ಮೇಜರ್ ಹುದ್ದೆಯನ್ನೇ ತೆಗೆದುಕೊಳ್ಳಿ. ಹೆಸರಿನಲ್ಲಿ ಮೇಜರ್ ಇದ್ದರೂ ಅದು ರ‍್ಯಾಂಕಲ್ಲ, ಹುದ್ದೆ. ಸಾಮಾನ್ಯವಾಗಿ ಮೂರು ಪಲ್ಟನ್ನುಗಳಿರುವ ಬ್ರಿಗೇಡಿನ ಕಾರ್ಯಾಚರಣೆಯ ಯೋಜನೆ ಮಾಡಿ, ಬ್ರಿಗೇಡಿಯರ್ ಹೆಸರಿನಲ್ಲಿ ಆದೇಶ ಹೊರಡಿಸುವ ಕೆಲಸ. ಅದನ್ನು ಪಾಲಿಸಬೇಕಾದ ಪಲ್ಟನ್ನುಗಳ ಕಮಾಂಡಿಂಗ್ ಆಫೀಸರುಗಳು ಎಲ್ಲರೂ ಅವನಿಗಿಂತ ಹಿರಿಯರು. ಅವರ ಹತ್ತಿರ ‘ಸರ್, ನಿಮ್ಮ ಎರಡು ವಾಹನ ನಾಳೆ ಪಕ್ಕದ ಪಲ್ಟನ್ನಿಗೆ ಬೇಕು’ ಎಂದು ಹೇಳಿ, ಕೊಡುವಂತೆ ಮಾಡಿ, ಸಂಬಂಧವನ್ನೂ ಉಳಿಸಿಕೊಳ್ಳಬೇಕು. ಕಾರ್ಪೊರೇಟ್ ಜಗತ್ತು ಈ ಗುಣಕ್ಕೆ ತರಬೇತಿ ಶಿಬಿರಗಳನ್ನೇ ನಡೆಸುತ್ತದೆ. ನಮ್ಮ ಕರ್ನಲ್ಲರ ಮೊದಲ ಕರಡಿನಲ್ಲಿ ಅದು ‘ಬಿಎಂ’ ಎಂಬ ಎರಡಕ್ಷರ.

ಪ್ರವಾಹ, ಭೂಕುಸಿತದ ಕೆಲಸವೂ ಅಂಥದ್ದೇ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಸೇನೆ ಬಂದದ್ದು ನಮಗೆಲ್ಲ ನೆನಪಿದೆ. ಇಂಥ ಸಂದರ್ಭದಲ್ಲಿ ಸೇನೆ ನಾಗರಿಕ ಆಡಳಿತ ಕೋರಿದ ಮೇಲೆ, ಅದರ ನೆರವಿಗೆ ಬರುತ್ತದೆ. ಯಾವ ಊರಿಗೆ ಮೊದಲು ಎಂಬುದನ್ನು ಜಿಲ್ಲಾಧಿಕಾರಿಯ ಜೊತೆ ಕೂತು ತೀರ್ಮಾನಿಸಬೇಕು. ಎನ್‌ಡಿಆರ್‌ಎಫ್, ಅಗ್ನಿಶಾಮಕ ದಳ, ಪೊಲೀಸರು, ಸ್ಥಳೀಯ ಯುವಕರು ಯಾರೂ ಕರ್ನಲ್ಲರ ಕೈಕೆಳಗಿಲ್ಲ. ದನಗಳನ್ನು ಬಿಟ್ಟು ಮನೆಯಿಂದ ಹೊರಡೆನೆಂದು ಕೂತ ಅಜ್ಜಿಗೆ ಯಾವ ಕಲಮನ್ನೂ ತೋರಿಸಲಾಗದು. ಅಲ್ಲಿ ಏನು ಮಾಡಿದಿರಿ ಎಂಬುದನ್ನು ಒಂದೂವರೆ ಸಾಲಿನಲ್ಲಿ ಹೇಳಿದರೆ, ಕಂಪನಿಯವರು ಬಾಯಿಬಿಟ್ಟು ಕೇಳದ ಪ್ರಶ್ನೆಗೂ ಉತ್ತರ ಕೊಟ್ಟಂತಾಯಿತು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಕೆಲಸವನ್ನು ನಿರ್ದಿಷ್ಟವಾಗಿ ಬರೆಯಿರಿ ಎಂದೊಡನೆ ಕೆಲವರು ಪಲ್ಟನ್ನಿನ ಹೆಸರು, ಜಾಗ, ವರ್ಷ, ಚೌಕಿಗಳ ಸಂಖ್ಯೆ ಎಲ್ಲ ಒಟ್ಟಿಗೆ ಹಾಕಿಬಿಡುತ್ತಾರೆ. ಬಿಡಿಯಾಗಿ ನಿರುಪದ್ರವಿಯಾದ ಈ ಮಾಹಿತಿ ಒಂದೇ ಸಾಲಿನಲ್ಲಿ ಸೇರಿದರೆ ಯಾವ ಪಡೆ ಯಾವಾಗ ಎಲ್ಲಿತ್ತು ಎಂಬ ನಕ್ಷೆಯಾಗುತ್ತದೆ. ರೆಸ್ಯೂಮೆ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಸಿಗುವ ಕಾಗದ, ನೌಕರಿ ಕೊಡಿಸುವ ನೆಪದಲ್ಲಿ ಮಾತಿಗೆಳೆಯುವವರು ಅದನ್ನೇ ಮೊದಲು ಓದುತ್ತಾರೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತಿಯಾದೊಡನೆ ಬಿಟ್ಟುಹೋಗುವಂಥದ್ದಲ್ಲ. ‘ಎತ್ತರದ ಹಿಮಪ್ರದೇಶ’ ಎಂದರೆ ಸಾಕು. ಕಂಪನಿಗೆ ಬೇಕಾದದ್ದು ಹಿಮ ಬಿದ್ದಾಗ ನೀವೇನು ಮಾಡಿದಿರಿ ಎಂಬುದು, ಯಾವ ಕಣಿವೆಯಲ್ಲಿ ಬಿತ್ತು ಎಂಬುದಲ್ಲ.

ಹಾಗಾದರೆ ಮೂರನೆಯ ಕರಡು ಹೀಗಿರಬಹುದು:

‘ಕಾರ್ಯಾಚರಣೆ, ಸಪ್ಲೈ ಚೈನ್ ಮತ್ತು ಸಿಬ್ಬಂದಿ ಯೋಜನೆಯಲ್ಲಿ ಮೂವತ್ತು ವರ್ಷ ಅನುಭವವಿರುವ ಸೇನಾಧಿಕಾರಿ. ದಿನದ 24 ಗಂಟೆ ನಡೆಯುವ, ಸುಮಾರು 800 ಜನರ ಘಟಕವನ್ನು ಹತ್ತು ಮಂದಿ ವಿಭಾಗ ಮುಖ್ಯಸ್ಥರ ಮೂಲಕ ಎರಡೂವರೆ ವರ್ಷ ನಡೆಸಿದ್ದೇನೆ. ಯಾವಾಗಲೂ ಕಾಲು ಭಾಗ ಸಿಬ್ಬಂದಿ ರಜೆಯಲ್ಲಿರುವಾಗ ಎಲ್ಲ ಪಾಳಿಗಳೂ ತುಂಬಿರುವಂತೆ ವಾರ್ಷಿಕ ಯೋಜನೆ ಮಾಡಿದ್ದೇನೆ. ತಿಂಗಳುಗಟ್ಟಲೆ ರಸ್ತೆ ಸಂಪರ್ಕ ಇಲ್ಲದ ದೂರದ ನೆಲೆಗಳಿಗೆ ಮುಂಗಡ ದಾಸ್ತಾನು ತುಂಬಿಸಿ, ಎರಡು ಚಳಿಗಾಲ ಆಹಾರ-ಇಂಧನದ ಕೊರತೆ ಇಲ್ಲದೆ ನಡೆಸಿದ್ದೇನೆ. ಲೆಕ್ಕ ಪರಿಶೋಧನೆಯಲ್ಲಿ ಬಾಕಿ ಆಕ್ಷೇಪಣೆ ಇಲ್ಲ. ಅದಕ್ಕೂ ಮುಂಚೆ ಮೂರು ಘಟಕಗಳ ಕಾರ್ಯಾಚರಣೆಯನ್ನು, ನನಗಿಂತ ಹಿರಿಯರಾದ ಅವುಗಳ ಮುಖ್ಯಸ್ಥರ ಒಪ್ಪಿಗೆ ಪಡೆದು, ಹೊಂದಿಸಿದ್ದೇನೆ. ಪ್ರವಾಹ ಪರಿಹಾರದಲ್ಲಿ ಜಿಲ್ಲಾಡಳಿತದೊಂದಿಗೆ ಕೆಲಸ ಮಾಡಿದ್ದೇನೆ. ವಾಣಿಜ್ಯ ಲಾಭ-ನಷ್ಟದ ಹೊಣೆ ಇದುವರೆಗೆ ಹೊತ್ತಿಲ್ಲ. ಮ್ಯಾನೇಜ್‌ಮೆಂಟ್ ಕೋರ್ಸಿನಲ್ಲಿ ಅದರ ಮೂಲಪಾಠ ಕಲಿತಿದ್ದೇನೆ.’

ಕೊನೆಯ ಲಾಭ-ನಷ್ಟದ ಮಾತನ್ನು ಅಳಿಸಿ ಎಂದು ಹೇಳುವವರು ಹೆಚ್ಚು. ನಾನು ಉಳಿಸಿ ಎನ್ನುತ್ತೇನೆ. ಸಂದರ್ಶನದಲ್ಲಿ ಹೇಗೂ ಹೊರಬರುವ ಮಾತು ಅದು, ಮೊದಲೇ ಹೇಳಿದವರ ಉಳಿದ ಸಾಲುಗಳ ಮೇಲೆ ನಂಬಿಕೆ ಬರುತ್ತದೆ. ಇದೇ ಕರ್ನಲ್ಲರು ನಾಳೆ ಆಸ್ಪತ್ರೆಯ ಆಡಳಿತಾಧಿಕಾರಿ ಹುದ್ದೆಗೆ ಅರ್ಜಿ ಹಾಕಿದರೆ ದಾಸ್ತಾನಿನ ಸಾಲು ಹಿಂದೆ ಸರಿದು, ಪಾಳಿ ಮತ್ತು ಜಿಲ್ಲಾಡಳಿತದ ಸಾಲುಗಳು ಮುಂದೆ ಬರಬೇಕು. ಎಲ್ಲ ಕೆಲಸಕ್ಕೂ ಒಂದೇ ಸಾರಾಂಶ ಕಳಿಸುವುದರಿಂದ ಉಪಯೋಗವಿಲ್ಲ. ಸಾಲುಗಳ ಕೆಳಗೆ ಪದಕಗಳಿಗೆ ಒಂದು ಸಾಲು ಮೀಸಲಿಡಿ. ಸೇನಾ ಪದಕವೋ ವಿಶಿಷ್ಟ ಸೇವಾ ಪದಕವೋ ಇದ್ದರೆ ಹೆಸರು ಪೂರ್ತಿ ಬರೆದರೆ ಸಾಕು, ಅದನ್ನು ಯಾವ ಕಾರ್ಪೊರೇಟ್ ಪ್ರಶಸ್ತಿಗೂ ಹೋಲಿಸಬೇಕಿಲ್ಲ.

ಹೆಸರಿನ ಸಾಲಿನ ಬಗ್ಗೆಯೂ ಗೊಂದಲವಿದೆ. ಬಿರುದುಗಳನ್ನು ರದ್ದು ಮಾಡಿದ ಸಂವಿಧಾನದ 18ನೇ ವಿಧಿ ಸೇನೆಯ ಮತ್ತು ವಿದ್ಯೆಯ ಗೌರವಗಳನ್ನು ಹೊರತುಪಡಿಸಿದೆ, ಹಾಗಾಗಿ ರ‍್ಯಾಂಕ್ ಬರೆಯಲು ಸಂಕೋಚ ಬೇಡ. ನಿವೃತ್ತನಾಗುವುದು ಅಧಿಕಾರಿ, ರ‍್ಯಾಂಕಲ್ಲ ಎಂಬುದು ಸೇನೆಯ ನಿಲುವು. ಆದ್ದರಿಂದ ‘ಕರ್ನಲ್ (ನಿವೃತ್ತ)’ ಎಂದು ಮೊದಲು ಬರೆದು ಆಮೇಲೆ ಹೆಸರು ಹಾಕುವುದು ತಪ್ಪು. ಮೊದಲು ಕರ್ನಲ್, ಆಮೇಲೆ ಹೆಸರು, ಕೊನೆಗೆ ಕಂಸದಲ್ಲಿ ನಿವೃತ್ತ.

ಎಚ್‌ಆರ್ ಕುರ್ಚಿಯಲ್ಲಿ ಕೂತು ಇದನ್ನು ಓದುತ್ತಿರುವವರಲ್ಲಿ ಒಂದು ಕೋರಿಕೆ. ನಿಮ್ಮ ಮುಂದೆ ಬರುವ ಹೆಚ್ಚಿನ ಅರ್ಜಿಗಳು ಮೊದಲನೆಯ ಅಥವಾ ಎರಡನೆಯ ಕರಡಿನ ಹಾಗೇ ಇರುತ್ತವೆ. ಹಾಗಿದ್ದರೂ ಪಕ್ಕಕ್ಕಿಡುವ ಮೊದಲು ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: ‘ನಿಮ್ಮ ಆದೇಶ ನಡೆಯದ ಕಡೆ ಕೆಲಸ ಹೇಗೆ ಮಾಡಿಸಿದಿರಿ, ಒಂದು ಸಂದರ್ಭ ಹೇಳಿ.’